ಪದಚರ್ಚೆ: ‘ಅಸಬಾ’ಗೆ ‘ಶೇಷದಾರ’ ಅಂದರೆ ಸಾಕಾ?

ಅನುವಾದಕಿ, ಧಾರವಾಡ:
ಎಲ್ಲರಿಗೂ ನಮಸ್ಕಾರ. ಉಯಿಲು ಬರೆಯದೆ ತೀರಿಕೊಂಡ ಹನಫಿ ಮುಸ್ಲಿಮರ ಆಸ್ತಿ ಯಾರಿಗೆ ಎಷ್ಟು ಸೇರುತ್ತದೆ ಅನ್ನೋ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗೊತ್ತಾದ ಪಾಲುಗಳು ಹೋದಮೇಲೆ ಉಳಿದದ್ದನ್ನು ಪಡೆಯುವ ವಾರಸುದಾರರಿಗೆ ಅದರಲ್ಲಿ ‘ಅಸಬಾ’ ಅನ್ನುತ್ತಾರೆ. ಅದಕ್ಕೆ ‘ಶೇಷದಾರ’ ಎಂದು ಬರೆದೆ. ಓದಿದ ಗೆಳತಿ, “ಅಂದ್ರೆ ಮಗನಿಗೆ ಉಳಿದಬಳಿದದ್ದಾ?” ಎಂದು ಕೇಳಿದಳು. ಬೇರೆ ಪದ ಇದೆಯಾ?

ನಿವೃತ್ತ ಶಿಕ್ಷಕ, ಹಾಸನ:
ಮಗನಿಗೆ ಎರಡು ಪಾಲು, ಹೆಂಗಸರಿಗೆಲ್ಲ ಒಂದು ಪಾಲು. ಇಷ್ಟೇ ಅಲ್ವಾ? ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುವುದರಿಂದ ‘ಹಕ್ಕುದಾರ’ ಎಂದರೆ ಸಾಕು.

ವಕೀಲ, ಕಲಬುರಗಿ:
ಮೇಷ್ಟ್ರೇ, ಎರಡಕ್ಕೆ ಒಂದು ಅನ್ನೋದು ಮಗ, ಮಗಳ ನಡುವೆ ಸರಿ. ಎಲ್ಲ ಹೆಂಗಸರಿಗೂ ಅಲ್ಲ. ಮಗನಿದ್ದಾಗ ಸತ್ತವನ ತಂದೆಗೂ ತಾಯಿಗೂ ತಲಾ ಆರನೇ ಒಂದು ಪಾಲು, ಸರಿಸಮ. ಹುಟ್ಟಿನಿಂದ ಬರುವ ಹಕ್ಕು ಇಲ್ಲಿ ಇಲ್ಲವೇ ಇಲ್ಲ. ಅಪ್ಪ ಬದುಕಿರುವವರೆಗೆ ಆಸ್ತಿ ಪೂರ್ತಿ ಅಪ್ಪನದೇ.

ಮೇಡಂ, ಲೆಕ್ಕ ನೋಡಿ. ಒಬ್ಬರು 1 ಕೋಟಿ 25 ಲಕ್ಷ ಬಿಟ್ಟು ತೀರಿಕೊಂಡರು. ಮಣ್ಣಿನ ಖರ್ಚು, ಸಾಲ, ಹೆಂಡತಿಗೆ ಕೊಡದೆ ಉಳಿಸಿಕೊಂಡಿದ್ದ ಮೆಹರ್ ಎಲ್ಲ ಸೇರಿ 5 ಲಕ್ಷ. ಮೆಹರ್ ಕೂಡ ಸಾಲವೇ, ಅದನ್ನು ಮರೆತು ಪಾಲು ಹಾಕುವವರು ಜಾಸ್ತಿ. ಉಳಿದ 1 ಕೋಟಿ 20 ಲಕ್ಷದಲ್ಲಿ ಹೆಂಡತಿಗೆ ಎಂಟನೇ ಒಂದು, ಅಂದರೆ 15 ಲಕ್ಷ. ತಾಯಿಗೆ ಆರನೇ ಒಂದು, 20 ಲಕ್ಷ. ತಂದೆ ಮೊದಲೇ ತೀರಿದ್ದಾರೆ. ಇನ್ನು 85 ಲಕ್ಷ. ಅದು ಇಬ್ಬರು ಗಂಡುಮಕ್ಕಳಿಗೆ ತಲಾ 34, ಮಗಳಿಗೆ 17. ಈ ಮೂವರೂ ಇಲ್ಲಿ ಅಸಬಾ. ಕೊನೆಗೆ ತಗೊಂಡರೂ ದೊಡ್ಡ ಗಂಟು ಅವರದೇ.

ಆದರೆ ಯಾವಾಗಲೂ ಹಾಗಲ್ಲ. ಮಕ್ಕಳಿಲ್ಲದ ಹೆಂಗಸು ತೀರಿಕೊಂಡು ಗಂಡನಿಗೆ ಅರ್ಧ, ಒಬ್ಬಳೇ ಒಡಹುಟ್ಟಿದ ಅಕ್ಕನಿಗೆ ಅರ್ಧ ಹೋದರೆ, ಅಸಬಾ ಆದ ಚಿಕ್ಕಪ್ಪನಿಗೆ ಏನೂ ಉಳಿಯೋಲ್ಲ.

ಓದುಗಿ, ತುಮಕೂರು:
ನಾವೂ ಹನಫಿಗಳೇ. ನಮ್ಮ ಮಾವ ಇರುವಾಗಲೇ ನನ್ನ ಗಂಡ ತೀರಿಕೊಂಡರು. ಈಗ ಮಾವನೂ ಇಲ್ಲ, ಮೈದುನರಿದ್ದಾರೆ. ಪೌತಿ ಖಾತೆಯಲ್ಲಿ ನನ್ನ ಮಕ್ಕಳ ಹೆಸರು ಸೇರುತ್ತದಾ?

ವಕೀಲ, ಕಲಬುರಗಿ:
ಅಮ್ಮಾ, ಮಾವನ ಮಗನೊಬ್ಬ ಬದುಕಿದ್ದರೂ ಮೊಮ್ಮಕ್ಕಳಿಗೆ ಪಾಲು ಬರುವುದಿಲ್ಲ. ಇದು ನನಗೂ ನೋವಿನ ವಿಷಯ. ಮಾವ ಇರುವಾಗಲೇ ಹಿಬಾ, ಅಂದರೆ ದಾನ, ಮಾಡಿ ವಶಕ್ಕೆ ಕೊಟ್ಟಿದ್ದರೆ, ಇಲ್ಲವೇ ಮೂರನೇ ಒಂದರೊಳಗೆ ಉಯಿಲು ಬರೆದಿದ್ದರೆ ಸಿಗುತ್ತಿತ್ತು. ಈಗ ಮೈದುನರು ಮನಸ್ಸು ಮಾಡಿ ಬಿಟ್ಟುಕೊಡಬೇಕು. ನಿಮ್ಮ ಗಂಡ ಸ್ವಂತಕ್ಕೆ ಮಾಡಿದ ಆಸ್ತಿಯಲ್ಲಿ ಮಾತ್ರ ನಿಮಗೂ ಮಕ್ಕಳಿಗೂ ಪಾಲು ಖಂಡಿತ ಇದೆ. ಅದರ ಕಾಗದಗಳನ್ನು ಮೊದಲು ಹುಡುಕಿ.

ಅನುವಾದಕಿ, ಧಾರವಾಡ:
ಹಾಗಾದರೆ ‘ಅಸಬಾ’ ಅಂತಲೇ ಇಟ್ಟು, 85 ಲಕ್ಷದ ಲೆಕ್ಕವನ್ನು ಪಕ್ಕದಲ್ಲೇ ಕೊಡುತ್ತೇನೆ. ಮೊದಲು ಪಾಲು ಪಡೆಯುವ ಹೆಂಡತಿ, ತಾಯಿಯಂಥವರಿಗೆ ‘ಗೊತ್ತುಪಾಲಿನವರು’ ಅನ್ನಬಹುದಾ? ಕೋರ್ಟಿನಲ್ಲಿ ಏನು ಬರೆಯುತ್ತೀರಿ, ವಕೀಲರೇ?