ಸಹಾಯ ಬೇಕು: ಸುದ್ದಿ ಯಾವುದು, ಜಾಹೀರಾತು ಯಾವುದು?

ದ್ವಿತೀಯ ಪಿಯು ಮಕ್ಕಳಿಗೆ ಸುದ್ದಿ ಮತ್ತು ಜಾಹೀರಾತು ಹೋಲಿಸುವ ಪಾಠ ಮಾಡುತ್ತಿದ್ದೇನೆ. ನೀಟ್ ಫಲಿತಾಂಶದ ಮರುದಿನದ ಎರಡು ಪತ್ರಿಕೆ ಹಂಚಿದೆ. ಒಬ್ಬನೇ ಟಾಪರ್ ಫೋಟೋ ಎರಡು ಕೋಚಿಂಗ್ ಸೆಂಟರ್‌ಗಳ ಜಾಹೀರಾತಿನಲ್ಲೂ ಇತ್ತು! ಒಂದು ಕಡೆ ಅವನು ಬರೆದದ್ದು ಬರೀ ಅಣಕು ಪರೀಕ್ಷೆಯಂತೆ. ಅದೂ ಇರುವೆಯಂಥ ಅಕ್ಷರದಲ್ಲಿ. ಯಾವ ಕೋರ್ಸ್, ಎಷ್ಟು ಅವಧಿ, ದುಡ್ಡು ಕೊಟ್ಟಿದ್ದನಾ ಅಂತ ಹೇಳಲೇಬೇಕು ಎಂದು 2024ರ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಇದು ಮಕ್ಕಳಿಗೆ ಬೇಗ ಹೊಳೆಯಿತು.

ಸಿಕ್ಕಿಹಾಕಿಕೊಂಡದ್ದು ಪಕ್ಕದ ಪುಟದಲ್ಲಿ. ಸುದ್ದಿಯ ಹಾಗೇ ತಲೆಬರಹ, ಕಾಲಂ, ಎಲ್ಲ ಇದೆ. ಮೂಲೆಯಲ್ಲಿ ಸಣ್ಣಗೆ ‘ಜಾಹೀರಾತು’. ಅರ್ಧ ತರಗತಿ ಅದನ್ನು ಸುದ್ದಿ ಅಂದಿತು. ಸಂಸ್ಥೆಯವರ ಮಾತು ಬಿಟ್ಟರೆ ಬೇರೆ ಯಾರ ಮಾತೂ ಅದರಲ್ಲಿಲ್ಲ, ಅಲ್ವಾ? ಇಂಥ ಕನ್ನಡ ಪುಟಗಳು ನಿಮ್ಮ ಹತ್ತಿರ ಇದ್ದರೆ ಫೋಟೋ ಹಾಕುತ್ತೀರಾ? ಅದೇ ವಿಷಯದ ನಿಜವಾದ ವರದಿಯೂ ಜೊತೆಗಿರಲಿ.