ನಾಲ್ಕು ಜನರ ಊಟ, ಒಂದೇ ಬಿಲ್: ಬಾಯಿಲೆಕ್ಕದಲ್ಲಿ ಹೇಗೆ ಹಂಚುತ್ತೀರಿ?

ಸೇಡಂ ರೋಡ್ ಹುಡುಗಿ: ಕೆಲಸಕ್ಕೆ ಅಂತ ಕಲಬುರಗಿಗೆ ಬಂದಿದ್ದೇನೆ. ಭಾನುವಾರ ಆಫೀಸಿನ ನಾವು ನಾಲ್ಕು ಜನ ಸೂಪರ್ ಮಾರ್ಕೆಟ್ ಕಡೆ ಊಟಕ್ಕೆ ಹೋಗುತ್ತೇವೆ. ಇಬ್ಬರು ಬಿರಿಯಾನಿ ಗಿರಾಕಿಗಳು, ಇಬ್ಬರು ರೊಟ್ಟಿ ಊಟದವರು. ಬಿಲ್ ಬಂದ ಕೂಡಲೇ ಮೂವರೂ ನನ್ನ ಮುಖ ನೋಡುತ್ತಾರೆ. ಟ್ಯಾಕ್ಸ್ ಸರಿ ಇದೆಯಾ, ಯಾರ ಪಾಲು ಎಷ್ಟು, ವೇಟರ್‌ಗೆ ಎಷ್ಟು ಬಿಡಬೇಕು, ಇದನ್ನೆಲ್ಲ ಫೋನ್ ತೆಗೆಯದೆ ಹೇಳುವ ದಾರಿ ಇದೆಯಾ? ಈ ಸಲದ ಬಿಲ್: ಊಟ 1,640, ಸಿ.ಜಿ.ಎಸ್.ಟಿ. 41, ಎಸ್.ಜಿ.ಎಸ್.ಟಿ. 41, ಒಟ್ಟು 1,722. ಗೋಬಿ ಮಂಚೂರಿ 160, ಅದನ್ನು ಎಲ್ಲರೂ ತಿಂದೆವು. ಉಳಿದದ್ದು ನಾನು 260, ರೊಟ್ಟಿ ಊಟದ ಇನ್ನೊಬ್ಬಳು 300, ಬಿರಿಯಾನಿಯವರು 440 ಮತ್ತು 480.

ಗಂಜ್ ಲೆಕ್ಕದವ: ತಂಗೀ, ನಾನು ಗಂಜ್‌ನಲ್ಲಿ ಬೇಳೆ ವ್ಯಾಪಾರದ ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಅಲ್ಲಿ ಕ್ಯಾಲ್ಕುಲೇಟರ್ ಇದ್ದರೂ ಬಾಯಿಲೆಕ್ಕವೇ ಮೊದಲು. ಹೋಟೆಲ್ ಬಿಲ್ ಅದಕ್ಕಿಂತ ಸುಲಭ, ಯಾಕಂದ್ರೆ ಇಲ್ಲಿ ನಿನಗೆ ಬೇಕಾಗುವುದು 5 ಒಂದೇ. ಎ.ಸಿ. ಇರಲಿ ಬಿಡಲಿ, ಈಗ ಹೋಟೆಲ್ ಊಟಕ್ಕೆ ಟ್ಯಾಕ್ಸ್ 5 ಪರ್ಸೆಂಟ್. ಎರಡೂವರೆ, ಎರಡೂವರೆ ಅಂತ ಎರಡು ಸಾಲಾಗಿ ಬರುತ್ತದೆ, ಅಷ್ಟೇ. ದಿನಕ್ಕೆ 7,500ಕ್ಕಿಂತ ಜಾಸ್ತಿ ಬಾಡಿಗೆಯ ರೂಮುಗಳಿರುವ ದೊಡ್ಡ ಹೋಟೆಲ್ ಒಳಗೆ ಕೂತು ತಿಂದರೆ ಮಾತ್ರ 18.

5 ಪರ್ಸೆಂಟ್ ಹುಡುಕಬೇಡ. ಕೊನೆಯ ಸೊನ್ನೆ ತೆಗೆದು ಅರ್ಧ ಮಾಡು. 1,640ಕ್ಕೆ 164, ಅದರ ಅರ್ಧ 82. ಬಿಲ್‌ನಲ್ಲಿ 41 ಎರಡು ಸಲ ಇದೆ, ಸರಿ ಹೋಯಿತು.

ಆದರೆ ನಾನು ಇದನ್ನು ತಿರುಗಿಸಿ ನೋಡುತ್ತೇನೆ. ಎರಡೂ ಟ್ಯಾಕ್ಸ್ ಕೂಡಿಸಿ, ದುಪ್ಪಟ್ಟು ಮಾಡಿ, ಒಂದು ಸೊನ್ನೆ ಹಚ್ಚು. 82, 164, 1,640. ಅಂದ್ರೆ ಯಾವ ಮೊತ್ತದ ಮೇಲೆ ಟ್ಯಾಕ್ಸ್ ಹಾಕಿದ್ದಾರೆ ಅಂತ ಗೊತ್ತಾಯಿತು. ಇದು ಊಟದ ಮೊತ್ತಕ್ಕಿಂತ ಜಾಸ್ತಿ ಬಂದರೆ ನಡುವೆ ಏನೋ ಸೇರಿದೆ. ಇದೇ ಊಟಕ್ಕೆ ಟ್ಯಾಕ್ಸ್ 90 ರೂಪಾಯಿ 20 ಪೈಸೆ ಇದ್ದರೆ ತಿರುಗಿಸಿದಾಗ 1,804 ಬರುತ್ತದೆ. 164 ಹೆಚ್ಚು, ಅಂದ್ರೆ ಊಟದ ಹತ್ತರಲ್ಲಿ ಒಂದು ಪಾಲು. ಅದು ಸರ್ವಿಸ್ ಚಾರ್ಜ್! ಬಿಲ್ಲಿನ ಮಧ್ಯೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಹುಡುಕು. ಕಡಿಮೆ ಬಂದರೆ ಗಾಬರಿ ಬೇಡ. ಮೇಜಿನ ಮೇಲೆ ಯಾರಾದರೂ ಬಿಯರ್ ತರಿಸಿರುತ್ತಾರೆ, ಅದು ಜಿ.ಎಸ್.ಟಿ. ಲೆಕ್ಕಕ್ಕೆ ಬರುವುದಿಲ್ಲ.

ಬೀದರ್ ಬಾವ: ಟಿಪ್ಸ್‌ಗೆ ಇಷ್ಟೆಲ್ಲ ಯಾಕೆ? ಟ್ಯಾಕ್ಸ್ ಎಷ್ಟಿದೆ ನೋಡಿ, ಅದರ ಡಬಲ್ ಇಟ್ಟು ಎದ್ದು ಬನ್ನಿ. ನನ್ನ ಭಾಮೈದ ಡಲ್ಲಾಸ್‌ನಲ್ಲಿದ್ದಾನೆ, ಅಲ್ಲಿ ಎಲ್ಲರೂ ಹಾಗೇ ಮಾಡುತ್ತಾರಂತೆ. ಅಲ್ಲಿ 15ಕ್ಕಿಂತ ಕಡಿಮೆ ಇಟ್ಟರೆ ಹಿಂದೆ ಓಡಿ ಬಂದು ಕೇಳುತ್ತಾರಂತೆ, ಊಟ ಚೆನ್ನಾಗಿರಲಿಲ್ವಾ ಅಂತ.

ಯಾದಗಿರಿ ಅಕ್ಕ: ಅವರು ಕೇಳಿದ್ದು ಸೂಪರ್ ಮಾರ್ಕೆಟ್ ಬಗ್ಗೆ, ನೀವು ಡಲ್ಲಾಸ್‌ಗೆ ಕರೆದುಕೊಂಡು ಹೋದಿರಲ್ಲ.

ಗಂಜ್ ಲೆಕ್ಕದವ: ಬಾವನ ಉಪಾಯ ಸುಳ್ಳಲ್ಲ, ಆದರೆ ಊರು ಬೇರೆ. ಡಲ್ಲಾಸ್‌ನಲ್ಲಿ ಸೇಲ್ಸ್ ಟ್ಯಾಕ್ಸ್ 8.25. ಡಬಲ್ ಮಾಡಿದರೆ 16.5, ಅಲ್ಲಿನ ರೂಢಿಗೆ ಸರಿಯಾಗಿ ಕೂರುತ್ತದೆ. ಅದೇ ಅಮೆರಿಕದ ಓರೆಗನ್‌ನಲ್ಲಿ ಸೇಲ್ಸ್ ಟ್ಯಾಕ್ಸೇ ಇಲ್ಲ. ಅಲ್ಲಿ ಡಬಲ್ ಮಾಡಿದರೆ ವೇಟರ್‌ಗೆ ಸೊನ್ನೆ! ಇಲ್ಲಿ ಡಬಲ್ ಮಾಡಿದರೆ 10 ಪರ್ಸೆಂಟ್. ನಮ್ಮ ಕಡೆ ಚಿಲ್ಲರೆ ಬಿಟ್ಟು ಬರುವ ರೂಢಿ, 10 ಕೊಟ್ಟರೆ ಧಾರಾಳವೇ. ಟೆಕ್ಸಾಸ್‌ನಂಥ ಕಡೆ ಕೆಲವು ವೇಟರ್‌ಗಳಿಗೆ ಮಾಲೀಕ ಗಂಟೆಗೆ 2 ಡಾಲರ್ 13 ಸೆಂಟ್ ಕೊಟ್ಟರೂ ಕಾನೂನು ಒಪ್ಪುತ್ತದೆ, ಉಳಿದದ್ದು ಟಿಪ್ಸ್‌ನಿಂದಲೇ ಬರಬೇಕು. ಅದಕ್ಕೇ ಅಲ್ಲಿ ಅಷ್ಟು ಒತ್ತಾಯ.

ಇಲ್ಲಿ ನಾನು ಮಾಡುವುದು ಹೀಗೆ. ಟ್ಯಾಕ್ಸ್ 5, ಟಿಪ್ಸ್ 5 ಅಂತ ಇಟ್ಟುಕೊಂಡರೆ ಎರಡೂ ಸೇರಿ 10. ಈಗ ಅರ್ಧ ಮಾಡುವ ಕೆಲಸವೂ ಉಳಿಯಿತು. ಪ್ರತಿಯೊಬ್ಬರೂ ತಾವು ತಿಂದದ್ದಕ್ಕೆ ಅದರ ಹತ್ತನೇ ಪಾಲು ಸೇರಿಸಿ ಕೊಟ್ಟರೆ ಮುಗಿಯಿತು.

ನಿನ್ನ ಬಿಲ್ ತಗೋ. ಮೊದಲು ಮಂಚೂರಿ ಬಿಡಿಸು, ತಲಾ 40. ಆಗ ನಾಲ್ವರದ್ದು 300, 340, 480, 520. ಕೂಡಿಸಿ ನೋಡು, 1,640 ಬರಬೇಕು. ಇದನ್ನು ಬಿಡಬೇಡ, ಜಗಳ ಹುಟ್ಟುವುದೇ ಇಲ್ಲಿ. ಯಾರೋ ಒಬ್ಬರು ಲಸ್ಸಿ ಕುಡಿದು ಮರೆತಿರುತ್ತಾರೆ. ಆಮೇಲೆ ಹತ್ತನೇ ಪಾಲು ಸೇರಿಸು: 330, 374, 528, 572. ಒಟ್ಟು 1,804. ಹೋಟೆಲ್‌ಗೆ 1,722 ಹೋದರೆ ವೇಟರ್‌ಗೆ 82 ಉಳಿಯಿತು.

ಟಿಪ್ಸ್ ಬೇಡ, ಬರೀ ಟ್ಯಾಕ್ಸ್ ಅಂದ್ರೆ ಹತ್ತನೇ ಪಾಲಿನ ಅರ್ಧ ಸೇರಿಸು: 315, 357, 504, 546. ಕೂಡಿಸಿದರೆ ಸರಿಯಾಗಿ 1,722. ಒಬ್ಬೊಬ್ಬರೂ ಮುಂದಿನ ಹತ್ತಕ್ಕೆ ಏರಿಸಿ ಕಳಿಸಿದರೆ 320, 360, 510, 550, ಅಂದ್ರೆ 1,740. ಮಿಕ್ಕ 18 ಚಿಲ್ಲರೆ ವೇಟರ್‌ಗೆ.

ಬಿಲ್‌ನಲ್ಲಿ ಸರ್ವಿಸ್ ಚಾರ್ಜ್ ಮೊದಲೇ ಇದ್ದರೆ ಟಿಪ್ಸ್ ಮತ್ತೆ ಕೊಡಬೇಡ. ತೆಗೆಯಿರಿ ಅಂತ ಕೇಳಲೂಬಹುದು. ಗಿರಾಕಿಯನ್ನು ಕೇಳದೆ ಅದನ್ನು ಬಿಲ್‌ಗೆ ಹಾಕುವ ಹಾಗಿಲ್ಲ ಅಂತ 2022ರಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ.

ಹುಮನಾಬಾದ್ ಪುಟ್ಟ: ನಾಲ್ಕು ಜನ ಸ್ನೇಹಿತರು, 1,722ರಲ್ಲಿ ನಾಲ್ಕನೇ ಪಾಲು 430 ಚಿಲ್ಲರೆ. ಅರ್ಧ ಮಾಡಿ ಮತ್ತೆ ಅರ್ಧ ಮಾಡಿದರೆ ಸಿಗುತ್ತದೆ, 861, 430. ತಲಾ 440 ಕೊಟ್ಟು ಎದ್ದು ಬನ್ನಿ ಅಕ್ಕ. ಊಟದ ಮೇಜಿನ ಮೇಲೆ ತಕ್ಕಡಿ ಇಡುವುದು ಚೆಂದ ಅಲ್ಲ.

ಯಾದಗಿರಿ ಅಕ್ಕ: ಚೆಂದ ಅಲ್ಲ ಅನ್ನುವವರು ಯಾವಾಗಲೂ ಬಿರಿಯಾನಿ ತಿಂದವರೇ. ನಾನು ಮಾಂಸ ತಿನ್ನುವುದಿಲ್ಲ, ರಾತ್ರಿ ಎರಡು ರೊಟ್ಟಿ ಮೇಲೆ ಹೋಗುವುದಿಲ್ಲ. ನಮ್ಮ ಸ್ಟಾಫ್ ರೂಮಿನವರು ಪ್ರತಿ ಸಲ ಸಮ ಪಾಲು ಅಂತಾರೆ. ಈ ಹುಡುಗಿಯ ಲೆಕ್ಕವೇ ನೋಡಿ. ಅವಳದ್ದು ಟ್ಯಾಕ್ಸ್ ಸೇರಿ 315. ಸಮ ಪಾಲು ಮಾಡಿದರೆ 430 ಆಗುತ್ತದೆ. 115 ರೂಪಾಯಿ ಬೇರೆಯವರ ಕೋಳಿಗೆ ಹೋಯಿತು. ಒಂದು ಸಲ ಆದರೆ ಇರಲಿ ಅನ್ನಬಹುದು, ಪ್ರತಿ ಭಾನುವಾರ ಅಂದ್ರೆ ಹೇಗೆ?

ಹುಮನಾಬಾದ್ ಪುಟ್ಟ: ಆಯ್ತು ಅಕ್ಕ, ನಾನು ಬಿರಿಯಾನಿಯವನೇ. 🙂

ಇನ್ನೊಂದು ವಿಷಯ. ಕೂಪನ್ ಇದ್ದರೆ ಲೆಕ್ಕ ಇನ್ನೂ ಸುಲಭ. 10 ಪರ್ಸೆಂಟ್ ಕಡಿತ, 5 ಪರ್ಸೆಂಟ್ ಟ್ಯಾಕ್ಸ್. ಹೋಗಿ ಬಂದು 5 ಪರ್ಸೆಂಟ್ ಕಡಿಮೆ. 1,640ರಲ್ಲಿ 82 ಕಳೆದರೆ 1,558, ಅಷ್ಟೇ ಕೊಟ್ಟರಾಯಿತು.

ಗಂಜ್ ಲೆಕ್ಕದವ: ಹತ್ತಿರ ಬಂದೆ ತಮ್ಮಾ, ಆದರೆ ಬಿಲ್ ಅಷ್ಟು ಬರುವುದಿಲ್ಲ. ಟ್ಯಾಕ್ಸ್ ಹಾಕುವುದು ಕಡಿತ ಆದ ಮೇಲೆ ಉಳಿದ 90ರ ಮೇಲೆ, ಪೂರ್ತಿ ನೂರರ ಮೇಲೆ ಅಲ್ಲ. 90ಕ್ಕೆ 5 ಪರ್ಸೆಂಟ್ ಅಂದ್ರೆ ನಾಲ್ಕೂವರೆ. ಹಾಗಾಗಿ ನೂರಕ್ಕೆ ಕೊಡಬೇಕಾದದ್ದು 94 ರೂಪಾಯಿ 50 ಪೈಸೆ. ಐದಲ್ಲ, ಐದೂವರೆ ಕಡಿಮೆ. 1,640ಕ್ಕೆ 82, ಅದರ ಹತ್ತನೇ ಪಾಲು 8 ರೂಪಾಯಿ 20 ಪೈಸೆ, ಕೂಡಿಸಿದರೆ 90 ರೂಪಾಯಿ 20 ಪೈಸೆ. ಕಳೆದರೆ 1,549 ರೂಪಾಯಿ 80 ಪೈಸೆ. ಬಿಲ್‌ನಲ್ಲಿ ರೌಂಡ್ ಆಫ್ ಆಗಿ 1,550 ಅಂತ ಬರುತ್ತದೆ. ಒಬ್ಬೊಬ್ಬರ ಪಾಲಿಗೂ ಇದೇ ಅಳತೆ.

ಸೇಡಂ ರೋಡ್ ಹುಡುಗಿ: ಹತ್ತನೇ ಪಾಲಿನ ಉಪಾಯ ತುಂಬಾ ಹಿಡಿಸಿತು ಅಣ್ಣ. ಎರಡು ಡೌಟ್ ಇವೆ. ನಮ್ಮ ಪಿ.ಜಿ. ಹತ್ತಿರದ ಸಣ್ಣ ಹೋಟೆಲ್‌ನಲ್ಲಿ ತಹರಿ ತಿಂದರೆ ಕೈಯಲ್ಲಿ ಬರೆದ ಚೀಟಿ ಕೊಟ್ಟು 5 ಪರ್ಸೆಂಟ್ ಟ್ಯಾಕ್ಸ್ ಅಂತ ಸೇರಿಸುತ್ತಾರೆ. ಅದು ಸರಿಯಾ? ಮತ್ತೆ, ಕೂಪನ್‌ನಲ್ಲಿ ಪರ್ಸೆಂಟ್ ಬದಲು ಸೀದಾ 200 ರೂಪಾಯಿ ಕಡಿತ ಅಂತ ಇದ್ದರೆ ಹೇಗೆ ಹಂಚುವುದು?

ಗಂಜ್ ಲೆಕ್ಕದವ: ಚೀಟಿಯ ಮೇಲೆ ಜಿ.ಎಸ್.ಟಿ. ನಂಬರ್ ಇದೆಯಾ ನೋಡು. 15 ಅಕ್ಷರ-ಅಂಕಿ ಇರುತ್ತವೆ, ಕರ್ನಾಟಕದ್ದಾದರೆ 29ರಿಂದ ಶುರು. ನಂಬರೇ ಇಲ್ಲದವರು ಟ್ಯಾಕ್ಸ್ ತಗೊಳ್ಳುವ ಹಾಗಿಲ್ಲ. ನಂಬರ್ ಇದ್ದೂ ಕಾಂಪೊಸಿಷನ್ ಸ್ಕೀಮ್‌ನಲ್ಲಿ ಇರುವ ಸಣ್ಣ ಹೋಟೆಲ್‌ನವರು ಇದ್ದಾರೆ. ಅವರು ತಮ್ಮ ವ್ಯಾಪಾರದ ಮೇಲೆ ತಾವೇ ಟ್ಯಾಕ್ಸ್ ಕಟ್ಟುತ್ತಾರೆ, ಗಿರಾಕಿಯಿಂದ ಬೇರೆಯಾಗಿ ಕೇಳುವ ಹಾಗಿಲ್ಲ. ಅಂಥ ಬಿಲ್ ಮೇಲೆ ‘ಬಿಲ್ ಆಫ್ ಸಪ್ಲೈ’ ಅಂತ ಇರುತ್ತದೆ, ತಾವು ಕಾಂಪೊಸಿಷನ್‌ನವರು ಅಂತಲೂ ಬರೆದಿರಬೇಕು. ಅಲ್ಲಿ ದರಪಟ್ಟಿಯಲ್ಲಿ ಎಷ್ಟಿದೆಯೋ ಅಷ್ಟೇ ಕೊಡು.

200ರದ್ದು ಸ್ವಲ್ಪ ಬೇರೆ. ಮೊದಲು ಆ 200 ಎಲ್ಲಿ ಕಳೆದಿದ್ದಾರೆ ನೋಡಬೇಕು. ಟ್ಯಾಕ್ಸ್‌ಗೆ ಮುಂಚೆ ಹೋಟೆಲ್‌ನವರೇ ಕಳೆದರೆ 1,440ರ ಮೇಲೆ ಟ್ಯಾಕ್ಸ್ 72, ಒಟ್ಟು 1,512. ಹಣ ಕಟ್ಟುವಾಗ ಆ್ಯಪ್‌ನವರು ಕಳೆದರೆ 1,722ರಲ್ಲಿ 200 ಹೋಗಿ 1,522. ಆ ಹತ್ತು ರೂಪಾಯಿ ಎಲ್ಲಿಂದ ಬಂತು ಅಂದ್ರೆ, 200ರ ಮೇಲಿನ 5 ಪರ್ಸೆಂಟ್. ಒಟ್ಟು ತಾಳೆ ಆಗದೆ ಸರಿಯಾಗಿ 10 ವ್ಯತ್ಯಾಸ ಬಂದರೆ ಕಾರಣ ಇದೇ ಅಂತ ತಿಳಿ.

ಹಂಚುವಾಗ ತಿಂದ ಪ್ರಮಾಣದಲ್ಲೇ ಕಳೆಯಬೇಕು. 1,640ರಲ್ಲಿ 200 ಅಂದ್ರೆ ಹೆಚ್ಚುಕಡಿಮೆ ಎಂಟನೇ ಒಂದು ಪಾಲು. 520ಕ್ಕೆ 65, 300ಕ್ಕೆ 37 ರೂಪಾಯಿ 50 ಪೈಸೆ. ಎಂಟನೇ ಪಾಲು ಅಂದ್ರೆ ಮೂರು ಸಲ ಅರ್ಧ ಮಾಡುವುದು, 520, 260, 130, 65. ನಾಲ್ವರದ್ದೂ ಸೇರಿ 205 ಆಗುತ್ತದೆ, ಆ ಐದು ರೂಪಾಯಿ ಹೆಚ್ಚು ತಿಂದವನ ತಲೆಗೆ ಹಾಕು.

ಯಾದಗಿರಿ ಅಕ್ಕ: ಇದನ್ನು ಒಪ್ಪುವುದಿಲ್ಲ ರೀ. ಕೂಪನ್ ಸಿಕ್ಕಿದ್ದು ನಾಲ್ಕು ಜನ ಒಟ್ಟಿಗೆ ಕೂತಿದ್ದಕ್ಕೆ. ತಲಾ 50 ಕಳೆಯಿರಿ. ಆಗ 300ರವಳು 250ಕ್ಕೆ ಟ್ಯಾಕ್ಸ್ ಸೇರಿಸಿ 262 ರೂಪಾಯಿ 50 ಪೈಸೆ ಕೊಡುತ್ತಾಳೆ, 520ರವನು 493 ರೂಪಾಯಿ 50 ಪೈಸೆ. ನಾಲ್ವರದ್ದೂ ಕೂಡಿಸಿದರೆ ಸರಿಯಾಗಿ 1,512. ನಿಮ್ಮ ಐದು ರೂಪಾಯಿಯ ತಕರಾರೂ ಇಲ್ಲ, ಲೆಕ್ಕವೂ ಹಗುರ.

ಗಂಜ್ ಲೆಕ್ಕದವ: ಹಗುರ ಅಂತ ನ್ಯಾಯ ಆಗುತ್ತದಾ ಅಕ್ಕ? ಕನಿಷ್ಠ 1,500ರ ಊಟ ಮಾಡಿದರೆ ಮಾತ್ರ ಅಂಥ ಕೂಪನ್ ನಡೆಯುತ್ತದೆ ಅಂತ ಇಟ್ಟುಕೊಳ್ಳಿ. ಬಿಲ್ ಅಷ್ಟು ಮುಟ್ಟಿಸಿದ್ದೇ ಬಿರಿಯಾನಿಯವರು.

ಹುಮನಾಬಾದ್ ಪುಟ್ಟ: ಅಬ್ಬಾ, ನಮ್ಮ ಪರ ಒಬ್ಬರಾದರೂ ಮಾತಾಡಿದರು.

ಬೀದರ್ ಬಾವ: ಕೂಪನ್ ಯಾರ ಫೋನ್‌ನಲ್ಲಿ ಬಂತೋ ಆ 200 ಅವರದ್ದು. ನಮ್ಮ ಮನೆಯಲ್ಲಿ ಹಾಗೇ.

ಸೇಡಂ ರೋಡ್ ಹುಡುಗಿ: ಕೂಪನ್ ನನ್ನ ಫೋನ್‌ಗೇ ಬಂದಿರುವುದು ಬಾವ. ಭಾನುವಾರ ಇದನ್ನು ಮೂವರ ಮುಂದೆಯೂ ಇಡುತ್ತೇನೆ, ಏನಂತಾರೋ ಬಂದು ಬರೆಯುತ್ತೇನೆ.