ವಿಮಾನದಲ್ಲಿ ಮೀಟರ್ ಇಪ್ಪತ್ತು ಪಟ್ಟು ತೋರಿಸಿತು, ಹೆದರಬೇಕಾ?

ಸಂದೀಪ್: ಆನ್‌ಲೈನ್‌ನಲ್ಲಿ ವಿಕಿರಣ ಅಳೆಯುವ ಒಂದು ಪುಟ್ಟ ಗೈಗರ್ ಮೀಟರ್ ತಗೊಂಡಿದ್ದೆ. ಬೆಂಗಳೂರಿನ ಮನೆಯಲ್ಲಿ ಗಂಟೆಗೆ 0.12 ಮೈಕ್ರೋಸೀವರ್ಟ್ ತೋರಿಸುತ್ತದೆ. ಮೊನ್ನೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಬರುವಾಗ ಉತ್ತರ ಧ್ರುವದ ಹತ್ತಿರ 2.6 ಆಯ್ತು! ವರ್ಷಕ್ಕೆ ನಾಲ್ಕು ಸಲ ಹೋಗಿ ಬರುತ್ತೇನೆ. ಅಪಾಯವಾ?

ಮಂಜುನಾಥ್: ಮೇಲೆ ಹೋದಷ್ಟೂ ಸೂರ್ಯನಿಗೆ ಹತ್ತಿರ ಅಲ್ವಾ, ಅದಕ್ಕೇ ಜಾಸ್ತಿ. ರಾತ್ರಿ ವಿಮಾನ ಹತ್ತಿ.

ಶೈಲಾ (ವಿಕಿರಣ ಸುರಕ್ಷತಾ ಅಧಿಕಾರಿ): ಎತ್ತರದ ಮಾತು ಸರಿ ಮಂಜುನಾಥ್ ಅವರೇ, ಸೂರ್ಯನದ್ದಲ್ಲ. ಅಲ್ಲಿ ಮೀಟರ್ ಏರಿಸುವುದು ಕಾಸ್ಮಿಕ್ ಕಿರಣ, ಅದರ ಕಣಗಳು ಬಹುಪಾಲು ಸೌರಮಂಡಲದ ಆಚೆಯಿಂದ ಬರುತ್ತವೆ. ಹಗಲೂ ಒಂದೇ, ರಾತ್ರಿಯೂ ಒಂದೇ. 11 ಕಿ.ಮೀ. ಮೇಲೆ ಹೋದರೆ ಮುಕ್ಕಾಲು ಪಾಲು ಗಾಳಿ ಕಾಲ ಕೆಳಗೆ ಉಳಿಯುತ್ತದೆ, ತಲೆ ಮೇಲಿನ ಹೊದಿಕೆ ತೆಳುವಾಗುತ್ತದೆ. ಭೂಮಿಯ ಕಾಂತಕ್ಷೇತ್ರ ನಮ್ಮ ಕಡೆ ಚೆನ್ನಾಗಿ ತಡೆಯುತ್ತದೆ, ಧ್ರುವದ ಕಡೆ ಅಷ್ಟು ತಡೆಯಲ್ಲ. ಹಾಗಾಗಿ ಬೆಂಗಳೂರು-ದೆಹಲಿ ದಾರಿಯಲ್ಲಿ ಗಂಟೆಗೆ 2ರ ಆಸುಪಾಸು, ಧ್ರುವದ ದಾರಿಯಲ್ಲಿ 5ರ ಆಸುಪಾಸು.

ಸಂದೀಪ್, ನಿಮ್ಮ 2.6 ನಿಜಕ್ಕೂ ಕಡಿಮೆ ಲೆಕ್ಕ. ಆ ಎತ್ತರದಲ್ಲಿ ಡೋಸ್‌ನ ಸುಮಾರು ಅರ್ಧ ನ್ಯೂಟ್ರಾನ್‌ಗಳಿಂದ ಬರುತ್ತದೆ, ಗೈಗರ್ ಟ್ಯೂಬಿಗೆ ಅವು ಕಾಣುವುದೇ ಅಪರೂಪ. ಮನೆಯ 0.12 ಕೂಡ ಪೂರ್ತಿಯಲ್ಲ. ಉಸಿರಿನ ಜೊತೆ ಒಳಗೆ ಹೋಗುವ ರೇಡಾನ್ ಎಂಬ ವಿಕಿರಣ ಅನಿಲ ಅದರಲ್ಲಿ ಸೇರಿಲ್ಲ. ಹಾಗಾಗಿ ಇಪ್ಪತ್ತು ಪಟ್ಟು ಅನ್ನೋ ಹೋಲಿಕೆ ಬಿಟ್ಟುಬಿಡಿ.

ವರ್ಷದ ಲೆಕ್ಕ ಹಾಕೋಣ. 16 ಗಂಟೆಗೆ 5ರಂತೆ ಒಂದು ಪ್ರಯಾಣಕ್ಕೆ 80 ಮೈಕ್ರೋಸೀವರ್ಟ್. ಎಂಟು ಪ್ರಯಾಣಕ್ಕೆ 640, ಅಂದರೆ 0.64 ಮಿಲಿಸೀವರ್ಟ್. ಇದು ಸ್ವಲ್ಪ ಧಾರಾಳವಾಗಿ ಹಾಕಿದ್ದು. ನೆಲದ ಮೇಲೆ ಇದ್ದವರಿಗೇ ಜಗತ್ತಿನ ಸರಾಸರಿ ವರ್ಷಕ್ಕೆ 2.4. ಅದರ ಮೇಲೆ ಕಾಲು ಭಾಗ ಸೇರಿತು. ಇಷ್ಟಕ್ಕೆ ನಾನಂತೂ ಟಿಕೆಟ್ ರದ್ದು ಮಾಡಲ್ಲ.

ಲಕ್ಷ್ಮಿ: ನನ್ನ ಮಗ ಲೇಹ್‌ನಲ್ಲಿದ್ದಾನೆ, ಸೇನೆ. ವಿಮಾನ ಹತ್ತೋದು ವರ್ಷಕ್ಕೆ ಒಂದೇ ಸಲ. ಅವನಿಗೇನೂ ಇಲ್ಲ ಅಲ್ವಾ ಮೇಡಂ?

ಶೈಲಾ: ಲೆಕ್ಕದಲ್ಲಿ ಸಂದೀಪ್‌ಗಿಂತ ಅವನಿಗೇ ಜಾಸ್ತಿ ಅಮ್ಮ. ಇವರು ಮೇಲಿರುವುದು ಕೆಲವು ಗಂಟೆ, ಅವನು ದಿನವಿಡೀ. ಲೇಹ್‌ನಷ್ಟೇ ಎತ್ತರದ ಲ್ಹಾಸಾದಲ್ಲಿ ಆಕಾಶದಿಂದ ಬರುವುದೇ ವರ್ಷಕ್ಕೆ 1.7 ಮಿಲಿಸೀವರ್ಟ್, ಸಮುದ್ರ ಮಟ್ಟದಲ್ಲಿ 0.3ರಷ್ಟು. ಗಾಬರಿ ಬೇಡ. ಕೇರಳದ ಚವರದ ಕಡಲತೀರದಲ್ಲಿ ಮೋನಜೈಟ್ ಮರಳಿನಿಂದ ಇದಕ್ಕಿಂತ ಜಾಸ್ತಿ ಪಡೆಯುತ್ತಾ ತಲೆಮಾರುಗಳಿಂದ ಜನ ಬದುಕಿದ್ದಾರೆ.

ಕಾವ್ಯ: ನಾನು ಕ್ಯಾಬಿನ್ ಕ್ರೂ. ವರ್ಷಕ್ಕೆ 800 ಗಂಟೆ ಹಾರುತ್ತೇನೆ. ಈಗ ಎರಡು ತಿಂಗಳ ಬಸುರಿ. ವಿಕಿರಣ ಅಳೆಯುವ ಬ್ಯಾಡ್ಜ್ ಕೊಟ್ಟಿಲ್ಲ, ಕೇಳಿದರೆ ಕಂಪನಿಯವರು ನಕ್ಕರು.

ಶೈಲಾ: ನಗುವ ವಿಷಯ ಅಲ್ಲ. ಆಸ್ಪತ್ರೆಯ ಬ್ಯಾಡ್ಜ್ ಇಲ್ಲಿ ಸರಿಯಾಗಿ ಅಳೆಯಲ್ಲ, ನಿಜ. ಆದರೆ ದಾರಿ, ಎತ್ತರ, ಗಂಟೆ ಕೊಟ್ಟರೆ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ದೂರದ ದಾರಿಗಳಾದರೆ ನಿಮ್ಮದು ವರ್ಷಕ್ಕೆ 3-4 ಮಿಲಿಸೀವರ್ಟ್ ಇರಬಹುದು. ಬಸುರಿ ಎಂದು ತಿಳಿಸಿದ ಮೇಲೆ ಹೆರಿಗೆಯವರೆಗೆ ಮಗುವಿಗೆ 1 ಮಿಲಿಸೀವರ್ಟ್ ದಾಟಬಾರದು ಅನ್ನೋದು ವಿಕಿರಣ ಕೆಲಸಗಾರರಿಗಿರುವ ಮಿತಿ. ಇವತ್ತೇ ಲಿಖಿತವಾಗಿ ತಿಳಿಸಿ, ನಿಮ್ಮ ವೈದ್ಯರಿಗೂ ಹೇಳಿ.

ಮಂಜುನಾಥ್: ಕ್ರೂ ಮಂದಿಗೆ ಕ್ಯಾನ್ಸರ್ ಜಾಸ್ತಿ ಅಂತಾರಲ್ಲ?

ಶೈಲಾ: ಸ್ತನ ಮತ್ತು ಚರ್ಮದ ಕ್ಯಾನ್ಸರ್ ಜಾಸ್ತಿ ಕಂಡ ಅಧ್ಯಯನಗಳಿವೆ. ಆದರೆ ಕೆಟ್ಟ ನಿದ್ದೆಯಿಂದಲೋ, ಬಿಸಿಲಿನಿಂದಲೋ, ಈ ಕಣಗಳಿಂದಲೋ ಎಂದು ಬಿಡಿಸಿ ಹೇಳಲು ಇನ್ನೂ ಆಗಿಲ್ಲ. ಕಾವ್ಯ, ಹಾರಿದ ದಿನ, ದಾರಿ, ಗಂಟೆ ಒಂದು ಡೈರಿಯಲ್ಲಿ ಬರೆದಿಡಿ. ಅಮೆರಿಕದ ವಿಮಾನಯಾನ ಇಲಾಖೆಯ CARI-7 ಸಾಫ್ಟ್‌ವೇರ್‌ಗೆ ಹಾಕಿ ನಾನೇ ಲೆಕ್ಕ ತೆಗೆದುಕೊಡುತ್ತೇನೆ.